‘ತಕ್ಷಣದಿಂದ’ ಅಂದರೆ ಎಂದಿನಿಂದ?

ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ನಾನಿದ್ದಾಗ ಡಿಸೈನ್ ವಿಭಾಗದಿಂದ ಒಂದು ಚೇಂಜ್ ನೋಟಿಸ್ ಬಂತು. “ಗೇರ್ ಪಂಪ್ ಕವರಿನ ಓ-ರಿಂಗ್ ಇನ್ನು ನೈಟ್ರೈಲ್ ಬದಲು ವೈಟಾನ್. ಕಾರಣ: ಗುಣಮಟ್ಟ ಸುಧಾರಣೆ. ತಕ್ಷಣದಿಂದ ಜಾರಿ. ಇರುವ ಸ್ಟಾಕ್ ಬಳಸಿ ಮುಗಿಸುವುದು.” ಕೆಳಗೆ ಮೂರು ಸಹಿ. ಬರೆದವರ ಮಟ್ಟಿಗೆ ಎಲ್ಲವೂ ಮುಗಿದಿತ್ತು.

ಪರ್ಚೇಸ್‌ನವರು ‘ತಕ್ಷಣದಿಂದ’ ಎಂಬುದನ್ನು ಓದಿ, ಬರಬೇಕಿದ್ದ 1000 ಹಳೆ ರಿಂಗುಗಳ ಆರ್ಡರ್ ರದ್ದು ಮಾಡಲು ಹೊರಟರು. ಸ್ಟೋರಿನವರು ಕೊನೆಯ ಸಾಲು ಓದಿ, ಬಿನ್‌ನಲ್ಲಿದ್ದ 640 ಹಳೆಯವನ್ನೇ ಕೊಡುತ್ತಾ ಹೋದರು. ಜೋಡಣೆಯ ಮೇಸ್ತ್ರಿ ನನ್ನ ಬಳಿ ಬಂದು, “ಸಾರ್, ಎರಡೂ ಕಪ್ಪು, ಎರಡೂ ಒಂದೇ ಸೈಜು. ನನ್ನ ಕೈಗೆ ಯಾವುದು ಬಂದಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?” ಅಂದರು. ನೋಟಿಸಿನಲ್ಲಿ ಇಲ್ಲದ್ದನ್ನು ಅವರೊಬ್ಬರೇ ಸರಿಯಾಗಿ ಹಿಡಿದಿದ್ದರು.

ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ದಿನಾಂಕವೇ ತೊಡಕಿನ ಭಾಗ ಅಂದುಕೊಂಡಿದ್ದೆ. ಗಂಟು ಇದ್ದದ್ದು ‘ಕಾರಣ’ದ ಸಾಲಿನಲ್ಲಿ. ಡಿಸೈನ್‌ನವರನ್ನು ಕೂರಿಸಿಕೊಂಡು ಕೇಳಿದಾಗ ನಿಜ ಸಂಗತಿ ಹೊರಬಿತ್ತು. ಈ ಪಂಪಿಗೆ ಎರಡು ಮಾಡೆಲ್. ಒಂದು ಮಾಮೂಲಿ ಲೂಬ್ ಆಯಿಲಿಗೆ, 60 ಡಿಗ್ರಿ ದಾಟುವುದಿಲ್ಲ. ಇನ್ನೊಂದು ಬಾಯ್ಲರಿಗೆ ಕಾಯಿಸಿದ ಫರ್ನೆಸ್ ಆಯಿಲ್ ತಳ್ಳುವಂಥದ್ದು, ಅಲ್ಲಿ 120 ಡಿಗ್ರಿ. ಸಾಧಾರಣ ನೈಟ್ರೈಲ್ ಸುಮಾರು 100 ಡಿಗ್ರಿಯವರೆಗೆ ತಾಳುತ್ತದೆ. ಅದರ ಮೇಲೆ ದಿನಗಟ್ಟಲೆ ಕಾದರೆ ಗಟ್ಟಿಯಾಗಿ, ಚಪ್ಪಟೆಯಾಗಿ, ಮತ್ತೆ ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಆಮೇಲೆ ಕವರಿನ ಅಂಚಿನಿಂದ ಎಣ್ಣೆ ಜಿನುಗುತ್ತದೆ. ವೈಟಾನ್ ಎಂದು ಅಂಗಡಿಯಲ್ಲಿ ಕೇಳುವ ಎಫ್‌ಕೆಎಂ ರಬ್ಬರ್ ಎಣ್ಣೆಯಲ್ಲಿ ಸುಮಾರು 200 ಡಿಗ್ರಿವರೆಗೆ ತಡೆದೀತು, ಆದರೆ ಬೆಲೆ ಹಲವು ಪಟ್ಟು.

ಅಂದರೆ ತೊಂದರೆ ಇದ್ದದ್ದು ಬಿಸಿ ಮಾಡೆಲ್‌ನಲ್ಲಿ ಮಾತ್ರ. ‘ಗುಣಮಟ್ಟ ಸುಧಾರಣೆ’ ಎಂದು ಬರೆದಾಗ ಈ ಗೆರೆಯೇ ಅಳಿಸಿಹೋಗಿತ್ತು. ಕಾರಣ ತಿಳಿದ ಮೇಲೆ ಹಳೆ ಸ್ಟಾಕಿನ ಪ್ರಶ್ನೆ ತಾನಾಗಿ ಬಗೆಹರಿಯಿತು. ತಣ್ಣನೆ ಮಾಡೆಲ್ ತಿಂಗಳಿಗೆ 150 ಪಂಪ್, ಒಂದಕ್ಕೆ ಎರಡು ರಿಂಗ್, ಅಂದರೆ 300. ಬಿನ್‌ನಲ್ಲಿರುವ 640, ಬರಲಿರುವ 1000 ಸೇರಿ ಐದೂವರೆ ತಿಂಗಳಲ್ಲಿ ಖರ್ಚಾಗುತ್ತವೆ. ಒಂದು ರಿಂಗೂ ಗುಜರಿಗೆ ಹೋಗಬೇಕಿಲ್ಲ, ಆರ್ಡರೂ ರದ್ದಾಗಬೇಕಿಲ್ಲ.

ಇನ್ನು ಪಾರ್ಟ್ ನಂಬರ್. ಮೊದಲ ನೋಟಿಸ್ ಹಳೆ ನಂಬರನ್ನೇ ಇಟ್ಟುಕೊಂಡು ಡ್ರಾಯಿಂಗಿನ ರಿವಿಷನ್ ಅಕ್ಷರ ಮಾತ್ರ ಬದಲಿಸಿತ್ತು. ಇಂಥಲ್ಲಿ ಅದು ಅಪಾಯ. ಹೊಸ ರಿಂಗನ್ನು ಹಳೆಯದರ ಜಾಗದಲ್ಲಿ ಹಾಕಬಹುದು, ಹಳೆಯದನ್ನು ಹೊಸದರ ಜಾಗದಲ್ಲಿ ಹಾಕುವಂತಿಲ್ಲ. ಒಂದೇ ನಂಬರ್ ಇದ್ದರೆ ಎರಡೂ ಒಂದೇ ಬಿನ್‌ಗೆ ಬೀಳುತ್ತವೆ, ಬಿನ್‌ಗೆ ರಿವಿಷನ್ ಓದಲು ಬರುವುದಿಲ್ಲ. ಆದ್ದರಿಂದ ಹಳೆಯದು 4417 ಆಗಿಯೇ ಉಳಿಯಿತು, ಹೊಸದು 4582 ಆಯಿತು. ಮೇಸ್ತ್ರಿಯ ಮಾತಿಗೆ ಉತ್ತರವಾಗಿ ಹೊಸದನ್ನು ಕಂದು ಬಣ್ಣದಲ್ಲೇ ತರಿಸಬೇಕೆಂದು ಆರ್ಡರಿನಲ್ಲೇ ಹಾಕಿದೆವು.

ಜಾರಿಯ ದಿನಕ್ಕೆ ಪರ್ಚೇಸ್‌ನವರನ್ನು ಕೇಳಿದೆ. ಸಪ್ಲೈಯರ್ ಮೂರು ವಾರ ಅಂದಿದ್ದರು. ಒಳಬರುವ ಮಾಲಿನ ತಪಾಸಣೆ, ಸ್ವಲ್ಪ ಆಚೀಚೆ ಸೇರಿಸಿ ಜುಲೈ 21ರ ನೋಟಿಸಿಗೆ ಆಗಸ್ಟ್ 18 ಎಂದು ಗೊತ್ತುಮಾಡಿದೆವು. ದಿನಾಂಕವೊಂದೇ ಸಾಲದು. ಮಾಲು ತಡವಾದರೆ ಅದು ಸುಳ್ಳಾಗುತ್ತದೆ, ಮುಂದೆ ಸರ್ವಿಸ್ ಹುಡುಗನಿಗೆ ಯಾವ ಪಂಪಿನಲ್ಲಿ ಯಾವ ರಿಂಗ್ ಎಂದು ತಿಳಿಯುವುದು ಸೀರಿಯಲ್ ನಂಬರಿನಿಂದಲೇ. ಗೋಡೌನಿನಲ್ಲಿ ಬಿಸಿ ಮಾಡೆಲ್‌ನ 12 ಪಂಪ್ ಸಿದ್ಧವಿದ್ದವು, 2405ರಿಂದ 2416. ಅವನ್ನೂ ಬಿಚ್ಚಿ ರಿಂಗ್ ಬದಲಿಸುವುದೆಂದಾದ ಮೇಲೆ ಜಾರಿಯ ಮೊದಲ ನಂಬರ್ 2405.

ಹೊಸ ನೋಟಿಸ್ ಹೀಗಿತ್ತು: “ಬಿಸಿ ಎಣ್ಣೆಯ ಮಾಡೆಲ್‌ಗೆ ಮಾತ್ರ. 120 ಡಿಗ್ರಿಯಲ್ಲಿ ಕಪ್ಪು ರಿಂಗ್ 4417 ಗಟ್ಟಿಯಾಗಿ ಕವರ್ ಲೀಕ್ ಆಗುತ್ತಿದೆ. ಅದರ ಬದಲು ಕಂದು ರಿಂಗ್ 4582, ಪಂಪಿಗೆ ಎರಡು. ಕವರ್, ಗ್ರೂವ್, ಬೋಲ್ಟ್ ಬಿಗಿತ ಬದಲಾಗಿಲ್ಲ. ಸೀರಿಯಲ್ 2405ರಿಂದ ಜಾರಿ, ಅಂದಾಜು ಆಗಸ್ಟ್ 18. ಅಲ್ಲಿಯವರೆಗೆ ಬಿಸಿ ಮಾಡೆಲ್ ಜೋಡಣೆಯೂ ರವಾನೆಯೂ ಇಲ್ಲ. 4417ರ ಸ್ಟಾಕ್ ಮತ್ತು ಬಾಕಿ ಆರ್ಡರ್ ತಣ್ಣನೆ ಮಾಡೆಲ್‌ಗೆ.”

ಸಹಿಗೆ ಕಳಿಸುವ ಮುಂಚೆ ಸ್ಟೋರಿನವರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಹಿಂದಿನ ಕಪಾಟಿನ ಕಡೆ ತಿರುಗಿದರು. “ಆ ಸ್ಪೇರ್ ಕಿಟ್‌ಗಳಲ್ಲೂ ಕಪ್ಪುದೇ ಇದೆಯಲ್ಲ ಸಾರ್?” 35 ಕಿಟ್‌ಗಳಿದ್ದವು, ಬಿಸಿ ಮಾಡೆಲ್‌ನವು, ಸೀಲ್ ಮಾಡಿ ಇಟ್ಟಿದ್ದು. ನೋಟಿಸಿಗೆ ಇನ್ನೊಂದು ಸಾಲು ಸೇರಿತು.