ಬೋರ್ಡ್ ಓದುವವರು ಎದುರಿಗೆ ನಿಲ್ಲುವುದಿಲ್ಲ

ಅಂಗಡಿಯ ಬೋರ್ಡ್ ಒಪ್ಪಿಗೆಯಾಗುವುದು ಡಿಸೈನರ್‌ನ ಕಂಪ್ಯೂಟರ್ ಮುಂದೆ. ಮಾಲೀಕರು ಪರದೆಗೆ ನೇರವಾಗಿ, ಎರಡಡಿ ದೂರದಲ್ಲಿ ಕೂತಿರುತ್ತಾರೆ, ಹೆಸರು ಮೊದಲೇ ಗೊತ್ತಿರುತ್ತದೆ. ಹಾಗೆ ನೋಡುವ ಗಿರಾಕಿ ಒಬ್ಬರೂ ಇಲ್ಲ. ಗಿರಾಕಿ ಬರುವುದು ಫುಟ್‌ಪಾತ್ ಗುಂಟ ಇಲ್ಲವೇ ಬೈಕಿನ ಮೇಲೆ, ನೋಡುವುದು ಓರೆಯಾಗಿ.

‘ಶ್ರೀ ಲಕ್ಷ್ಮೀ ಸ್ಟೋರ್ಸ್’ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಬೋರ್ಡಿನ ಉದ್ದ ಸುಮಾರು ಮೂರು ಮೀಟರ್. ‘ಲ’ ಅಕ್ಷರ ದೊಡ್ಡದಾಗಿಯೇ ಇದೆ, ಎಲ್ಲಿಂದಲಾದರೂ ಕಾಣುತ್ತದೆ. ಆದರೆ ‘ಕ್ಷ್ಮೀ’ಯ ಕೆಳಗೆ ಎರಡು ಒತ್ತಕ್ಷರಗಳು ಇಕ್ಕಟ್ಟಾಗಿ ಕೂತಿವೆ. ಓದಲು ಬರುವ ದೂರವನ್ನು ನಿರ್ಧರಿಸುವುದು ‘ಲ’ದ ಎತ್ತರವಲ್ಲ, ಆ ಒತ್ತುಗಳೊಳಗಿನ ಸಣ್ಣ ಖಾಲಿ ಜಾಗ. ಅದು ಮುಚ್ಚಿಹೋದರೆ ಕಾಣುವುದು ಒಂದು ಬಣ್ಣದ ಉಂಡೆ ಮಾತ್ರ.

ಲೆಕ್ಕ ಸುಲಭ. ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಒಂದು ಮಿಲಿಮೀಟರ್ ಸಂದನ್ನು ಹೆಚ್ಚೆಂದರೆ ಮೂರೂವರೆ ಮೀಟರ್ ದೂರದಿಂದ ಗುರುತಿಸಬಲ್ಲದು. ಒತ್ತಕ್ಷರದೊಳಗಿನ ಸಂದು 15 ಮಿಲಿಮೀಟರ್ ಇದ್ದರೆ ಅದರ ಮಿತಿ ಸುಮಾರು 50 ಮೀಟರ್. ಮಿತಿಯಲ್ಲಿ ಓದುವುದೆಂದರೆ ಕಣ್ಣು ಕಿರಿದು ಮಾಡಿ ತಿಣುಕುವುದು. ಸಲೀಸಾಗಿ ಓದಲು ಅದರ ಅರ್ಧ, ಅಂದರೆ 25 ಮೀಟರ್ ಎಂದಿಟ್ಟುಕೊಳ್ಳಿ. ದೂರದಿಂದ ಕಾಣಲೆಂದು ಅಕ್ಷರವನ್ನು ಇನ್ನೂ ದಪ್ಪ ಮಾಡಿಸಿ, ಸುತ್ತ ಬಿಳಿ ಅಂಚು, ಕೆಳಗೆ ನೆರಳು ಹಾಕಿಸುವವರು ಬಹಳ. ಅವೆಲ್ಲ ಇದೇ ಸಂದನ್ನು ತಿನ್ನುತ್ತವೆ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ಗಳನ್ನು ಬೇರೆ ಮಾಡುವ ಕೆಳಗಿನ ಪುಟ್ಟ ಗೀಟೂ ಹೀಗೆಯೇ ಕರಗುತ್ತದೆ.

ಓರೆ ನೋಟ ಇದಕ್ಕಿಂತ ಕಠಿಣ. ನೇರ ನೋಟದಿಂದ 60 ಡಿಗ್ರಿ ಪಕ್ಕಕ್ಕೆ ಸರಿದರೆ ಅಕ್ಷರದ ಎತ್ತರ ಹಾಗೆಯೇ ಇದ್ದು ಅಗಲ ಅರ್ಧಕ್ಕೆ ಇಳಿಯುತ್ತದೆ. ಎಡಬಲದ ಗೆರೆಗಳ ನಡುವಿನ ಸಂದೂ ಅರ್ಧ. ನಮ್ಮ ಲಕ್ಷ್ಮಿಯ 25 ಮೀಟರ್ ಈಗ 12ಕ್ಕೆ ಬಂತು. ಗಂಟೆಗೆ 36 ಕಿಲೋಮೀಟರ್ ವೇಗದ ಬೈಕು ಅಷ್ಟನ್ನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ದಾಟುತ್ತದೆ.

ಎಲ್‌ಇಡಿ ಇಟ್ಟ ಉಬ್ಬು ಅಕ್ಷರಗಳಲ್ಲಿ ಇನ್ನೊಂದು ತೊಡಕಿದೆ. ಅಕ್ಷರ ಐದು ಸೆಂಟಿಮೀಟರ್ ಮುಂದೆ ಚಾಚಿದ್ದರೆ, 45 ಡಿಗ್ರಿ ಓರೆಯಿಂದ ಅದರ ಪಕ್ಕದ ಗೋಡೆ ಹಿಂದಿನ ಹಲಗೆಯ ಐದು ಸೆಂಟಿಮೀಟರನ್ನು ಮರೆಮಾಡುತ್ತದೆ. 60 ಡಿಗ್ರಿಯಲ್ಲಿ ಎಂಟೂವರೆಗೂ ಹೆಚ್ಚು. ಅಕ್ಷರಗಳ ನಡುವೆ ಅಷ್ಟು ಜಾಗ ಯಾರು ಬಿಟ್ಟಿರುತ್ತಾರೆ? ಪಕ್ಕದ ಗೋಡೆಯೂ ಮುಂಭಾಗದ ಬಣ್ಣದ್ದೇ ಆದರೆ ಇಡೀ ಹೆಸರು ಒಂದೇ ಪಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪಕ್ಕಗಳಿಗೆ ಹಲಗೆಯ ಬಣ್ಣವನ್ನೇ ಕೊಡಿಸಿ, ಉಬ್ಬು ಕಡಿಮೆ ಮಾಡಿಸುವುದು ನನ್ನ ಮಟ್ಟಿಗೆ ಮೊದಲ ತಿದ್ದುಪಡಿ.

ಇದನ್ನೆಲ್ಲ ಮೊದಲೇ ತಿಳಿಯಲು ಒಂದು ಎ4 ಹಾಳೆ ಸಾಕು. ಮೂರು ಮೀಟರ್ ಬೋರ್ಡನ್ನು ಹಾಳೆಯ ಉದ್ದಕ್ಕೆ ಮುದ್ರಿಸಿದರೆ ಅದು ಹತ್ತನೇ ಒಂದರಷ್ಟಾಗುತ್ತದೆ. ದೂರವನ್ನೂ ಹತ್ತರಿಂದ ಭಾಗಿಸಿ. ಗೋಡೆಗೆ ಕಣ್ಣಿನ ಮಟ್ಟದಲ್ಲಿ ಅಂಟಿಸಿ, ಹೆಸರು ಗೊತ್ತಿಲ್ಲದ ಒಬ್ಬರನ್ನು ದೂರದಿಂದ ನಡೆಸಿಕೊಂಡು ಬನ್ನಿ. ಹತ್ತಿರದಿಂದ ಹಿಂದೆ ಸರಿಯಬಾರದು, ಒಮ್ಮೆ ಓದಿದ ಹೆಸರನ್ನು ಆಮೇಲೆ ನೆನಪು ಓದುತ್ತದೆ, ಕಣ್ಣಲ್ಲ. ‘ಕಾಣುತ್ತದೆಯೇ’ ಎಂದೂ ಕೇಳಬೇಡಿ. ‘ಗಟ್ಟಿಯಾಗಿ ಓದಿ’ ಎನ್ನಿ. ಮೊದಲ ಸಲ ಸರಿಯಾಗಿ ಓದಿದ ಜಾಗದಲ್ಲಿ ಗುರುತು ಹಾಕಿ. ಎರಡೂವರೆ ಮೀಟರ್ ಬಂದರೆ ನಿಜದ ಬೋರ್ಡಿಗೆ 25.

ಬಳಿಕ ಓರೆಯಲ್ಲಿ. ನಿಮ್ಮ ಅಂಗಡಿಯ ಬದಿಯ ಫುಟ್‌ಪಾತಿನಲ್ಲಿ 15 ಮೀಟರ್ ಆಚೆ, ಬೋರ್ಡಿನಿಂದ ಎರಡು ಮೀಟರ್ ಹೊರಗೆ ನಡೆದು ಬರುವವರ ನೋಟ ಬೇಕಾದರೆ, ಹಾಳೆಯಿಂದ ಒಂದೂವರೆ ಮೀಟರ್ ಪಕ್ಕಕ್ಕೆ ನಿಂತು, ಕಣ್ಣನ್ನು ಗೋಡೆಗೆ ಒಂದು ಗೇಣಿನಷ್ಟು ಹತ್ತಿರ ತರಬೇಕು. ಅಲ್ಲಿಂದ ಅಕ್ಷರದ ಅಗಲ ಎಂಟನೇ ಒಂದಕ್ಕೂ ಸ್ವಲ್ಪವೇ ಹೆಚ್ಚು. ಯಾವ ಫಾಂಟೂ ಇದನ್ನು ಉಳಿಸದು. ಈ ನೋಟಕ್ಕೆ ಗೋಡೆಯಿಂದ ರಸ್ತೆ ಕಡೆಗೆ ಚಾಚಿದ, ಎರಡೂ ಬದಿ ಬರೆದ ಸಣ್ಣ ಬೋರ್ಡೇ ಬೇಕು, ಅದನ್ನು ಹಾಕುವ ಮುನ್ನ ಸ್ಥಳೀಯ ಸಂಸ್ಥೆಯನ್ನು ವಿಚಾರಿಸಿ.

ಹಾಳೆ ಹೇಳದ ಸಂಗತಿಗಳೂ ಇವೆ: ಅಡ್ಡ ಬರುವ ವೈರು, ಮರದ ಕೊಂಬೆ, ಸಂಜೆ ಬಿಸಿಲಿನ ಹೊಳಪು. ರಾತ್ರಿ ದೀಪ ಜೋರಾದರೆ ಬೆಳಕು ಹರಡಿ ಒತ್ತಕ್ಷರದ ಸಂದು ಮತ್ತೆ ಮುಚ್ಚುತ್ತದೆ. ದೀಪದ ಬೆಳಕನ್ನು ಸ್ಥಳದಲ್ಲೇ, ಕತ್ತಲಾದ ಮೇಲೆ ತಗ್ಗಿಸಿ ನೋಡಬೇಕು.

2024ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿ ಇರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಆ ಜಾಗ ಸಿಕ್ಕ ಮೇಲೆ ಅದನ್ನು ದಪ್ಪ ಅಕ್ಷರದಿಂದ ಕಿಕ್ಕಿರಿಸಬೇಡಿ. ಫೋನ್ ನಂಬರು, ಸರಕಿನ ಪಟ್ಟಿಗಳನ್ನು ಬಾಗಿಲ ಬಳಿಗೆ ಇಳಿಸಿ, ಒತ್ತಕ್ಷರಕ್ಕೆ ಉಸಿರಾಡುವಷ್ಟು ಜಾಗ ಬಿಡಿಸಿ. ಮುಂಗಡ ಕೊಡುವ ಮುನ್ನ ಡಿಸೈನರ್ ಬಳಿ ಆ ಒಂದು ಹಾಳೆಯನ್ನು ಕೇಳಿ ಪಡೆಯಿರಿ.