ಅರ್ಧ ಗಾದೆಗೆ ಉತ್ತರ ಬರೆಯುವ ಮೊದಲು

ಹಾಸನದ ಕಡೆಯ ಚಿಕ್ಕಮ್ಮನೊಬ್ಬರಿಂದ ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಬಂದಿದೆ ಎಂದುಕೊಳ್ಳಿ: “ಗಂಡ ಹೆಂಡಿರ ಜಗಳ… ನಿಂಗೊತ್ತಲ್ಲ.” ಹಿಂದಿನ ದಿನ ಈಕೆ ಕೇಳಿದ್ದು ಇಷ್ಟೇ: “ಅಣ್ಣ ಅತ್ತಿಗೆ ಮಾತು ಬಿಟ್ಟಿದಾರಂತಲ್ಲ ಚಿಕ್ಕಮ್ಮ, ನಾನು ಭಾನುವಾರ ಬಂದು ಮಾತಾಡ್ಲಾ?” ಈಗ ಬಂದಿರುವ ಸಾಲು ಅದಕ್ಕೆ ಉತ್ತರ. ಆದರೆ ಬಾ ಎಂದೋ ಬೇಡ ಎಂದೋ?

ಕನ್ನಡದಲ್ಲಿ ಈ ಮಾತಿನಿಂದ ಶುರುವಾಗುವ ಗಾದೆ ಒಂದಲ್ಲ, ಎರಡು. “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬುದು ಎಲ್ಲರಿಗೂ ಮೊದಲು ನೆನಪಾಗುವಂಥದ್ದು. ತಾನಾಗಿ ಆರುವ ಬೆಂಕಿ, ಹೊರಗಿನವರು ಕೈ ಹಾಕಬಾರದು ಎಂಬ ಅರ್ಥ. “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು” ಎಂಬುದು ಇನ್ನೊಂದು. ಇಬ್ಬರು ದೊಡ್ಡವರ ಹಟದ ನಡುವೆ ಏನೂ ತಪ್ಪು ಮಾಡದ ಮೂರನೆಯವರು ಸೊರಗುತ್ತಿದ್ದಾರೆ ಎಂಬ ಅರ್ಥ. ಮೊದಲನೆಯದು ಸುಮ್ಮನಿರು ಎಂದರೆ ಎರಡನೆಯದು ಸುಮ್ಮನಿರಬೇಡ ಎನ್ನುತ್ತದೆ. ಚಿಕ್ಕಮ್ಮ ಹೇಳಿದ್ದು ಎರಡನೆಯದಾಗಿದ್ದು, ಈಕೆ ಮೊದಲನೆಯದೆಂದು ತಿಳಿದು “ಹೌದೌದು ಚಿಕ್ಕಮ್ಮ, ಎರಡು ದಿನ, ಸರಿಹೋಗ್ತಾರೆ” ಎಂದು ನಗುವ ಮುಖವೊಂದನ್ನು ಸೇರಿಸಿ ಕಳಿಸಿದರೆ, ಅಲ್ಲಿ ಓದಿಕೊಳ್ಳುವವರಿಗೆ ಅದು ಕಲ್ಲುಮನಸ್ಸಿನ ಮಾತಾಗಿ ಕಾಣುತ್ತದೆ.

ಇಲ್ಲಿ ಮೊದಲು ನೋಡಬೇಕಾದ್ದು ಬಿಟ್ಟ ಭಾಗವನ್ನಲ್ಲ, ಬರೆದ ಭಾಗದ ಕೊನೆಯ ಪದವನ್ನು. ಎರಡು ಗಾದೆಗಳೂ “ಜಗಳ” ಎಂಬಲ್ಲೇ ಕವಲೊಡೆಯುತ್ತವೆ. ಉಂಡು ಮಲಗುವ ಗಾದೆಯಲ್ಲಿ ಆ ಪದಕ್ಕೆ ಯಾವ ಪ್ರತ್ಯಯವೂ ಇಲ್ಲ, “ಜಗಳ” ಬರಿದಾಗಿ ನಿಲ್ಲುತ್ತದೆ. ಕೂಸಿನ ಗಾದೆಯಲ್ಲಿ ಅದು “ಜಗಳದಲ್ಲಿ” ಎಂದಾಗುತ್ತದೆ, ಕೆಲವರ ಬಾಯಲ್ಲಿ “ಜಗಳದ ನಡುವೆ”. ಹಾಗಾಗಿ ಸಂದೇಶದಲ್ಲಿ “ಜಗಳದಲ್ಲಿ…” ಎಂದೋ “ಜಗಳದ…” ಎಂದೋ ಇದ್ದರೆ ಮುಂದೆ ಕೂಸು ಬರುವುದು ಹೆಚ್ಚುಕಡಿಮೆ ಖಚಿತ. ಬರೀ “ಜಗಳ…” ಎಂದಿದ್ದರೆ ಉಂಡು ಮಲಗುವ ಕಡೆಗೆ ವಾಲುತ್ತದೆ, ಆದರೆ ವಾಲುತ್ತದೆ ಅಷ್ಟೇ. ಫೋನಿನ ಕೀಲಿಮಣೆ “ಜಗಳ” ಎಂಬ ಬರಿಯ ಪದವನ್ನೇ ಮೇಲೆ ತೋರಿಸುತ್ತದೆ, ಅದನ್ನು ಒತ್ತಿ ಮೂರು ಚುಕ್ಕಿ ಇಟ್ಟು ಬಿಡುವವರು ಎಷ್ಟೋ ಜನ. ಇದ್ದ ಪ್ರತ್ಯಯ ಗಟ್ಟಿ ಸಾಕ್ಷಿ. ಇಲ್ಲದ ಪ್ರತ್ಯಯ ಅಷ್ಟು ಗಟ್ಟಿಯಲ್ಲ.

ಬೇರೆ ಗಾದೆಗಳಲ್ಲೂ ಇದೇ ರೀತಿ ಕವಲಿನ ಜಾಗವನ್ನು ಹುಡುಕಬಹುದು. “ಮಾತು…” ಎಂದಷ್ಟೇ ಬರೆದರೆ ಏನೂ ತಿಳಿಯದು, ಏಕೆಂದರೆ ಮಾತು ಬೆಳ್ಳಿಯೂ ಆಗಬಹುದು, ಮನೆ ಕೆಡಿಸಲೂಬಹುದು, ಆಡಿದರೆ ಹೋಗಲೂಬಹುದು. “ಮಾತು ಆಡಿದರೆ ಹೋಯ್ತು” ಎಂದ ಕೂಡಲೇ “ಮುತ್ತು ಒಡೆದರೆ ಹೋಯ್ತು” ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ನಮ್ಮ ಗಾದೆಗಳ ಎರಡನೆಯ ಪಾದ ಬಹಳ ಸಲ ಮೊದಲನೆಯದರ ಅಚ್ಚಿನಲ್ಲೇ ಇರುತ್ತದೆ: ಅದೇ ಪ್ರತ್ಯಯ, ಅದೇ ಅಳತೆ, ಆಗಾಗ ಪ್ರಾಸ. “ಕೆಟ್ಟ ಮೇಲೆ ಬುದ್ಧಿ ಬಂತು” ಎಂಬುದಕ್ಕೆ “ಅಟ್ಟ ಮೇಲೆ ಒಲೆ ಉರಿಯಿತು” ಎಂಬುದು ಕೂರುವುದು ಹೀಗೆ. ನಿಮಗೆ ಹೊಳೆದ ಅಂತ್ಯ ಆ ಅಚ್ಚಿಗೆ ಕೂರದಿದ್ದರೆ ಅನುಮಾನಿಸಿ. ಕೂತರೂ ಒಂದು ಮಾತು: ಅಂತ್ಯ ಆ ಗಾದೆಯದು ಎಂದಷ್ಟೇ ಅದು ಹೇಳುತ್ತದೆ, ಕಳಿಸಿದವರ ಮನಸ್ಸಿನಲ್ಲಿ ಇದ್ದದ್ದು ಅದೇ ಎಂದಲ್ಲ.

ಮನಸ್ಸು ತಿಳಿಯಲು ಸಂಭಾಷಣೆಯನ್ನು ಮೇಲಕ್ಕೆ ಸರಿಸಿ ಓದಬೇಕು. ಗಾದೆ ಬಂದ ಸಾಲಿನ ಪಕ್ಕದ್ದನ್ನಲ್ಲ, ಎರಡು ಮೂರು ದಿನ ಹಿಂದಿನದನ್ನು. ನಮ್ಮ ಉದಾಹರಣೆಯಲ್ಲಿ ಚಿಕ್ಕಮ್ಮ ಗುರುವಾರ ರಾತ್ರಿ ಬರೆದ ಒಂದು ಸಾಲು ಹೀಗಿದೆ: “ಪುಟ್ಟ ಇವತ್ತೂ ನಮ್ಮನೇಲೇ ಮಲ್ಕೊಂಡ.” ಆ “ಇವತ್ತೂ” ಎಂಬುದನ್ನು ನೋಡಿ. ನಿನ್ನೆಯೂ ಅಲ್ಲೇ ಮಲಗಿದ್ದ, ಇವತ್ತೂ ಮನೆಗೆ ಹೋಗಲಿಲ್ಲ. ಅಣ್ಣ ಅತ್ತಿಗೆಯ ಈ ಮಗುವಿನ ಚಿಂತೆ ಚಿಕ್ಕಮ್ಮನ ತಲೆಯಲ್ಲಿ ಮೊದಲೇ ಕೂತಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸುಳಿವು ಬೇಡ. ಬರಿಯ “ಜಗಳ” ಎಂಬ ಪದ ಒಂದು ಕಡೆ ಎಳೆದರೆ ಈ ಸಾಲು ಇನ್ನೊಂದು ಕಡೆ ಎಳೆಯುತ್ತದೆ. ನಾನಾದರೆ ಈ ಸಾಲಿಗೇ ಹೆಚ್ಚು ತೂಕ ಕೊಡುತ್ತೇನೆ.

ಜೊತೆಗೆ ಒಂದು ವ್ಯತ್ಯಾಸವೂ ನೆನಪಿನಲ್ಲಿರಲಿ. ಉಂಡು ಮಲಗುವ ಗಾದೆಯನ್ನು ಜನ ನಿಜವಾದ ಗಂಡ ಹೆಂಡತಿಯ ವಿಷಯದಲ್ಲಿ, ತಪ್ಪಿದರೆ ತೀರ ಹತ್ತಿರದವರ ಮುನಿಸಿನ ವಿಷಯದಲ್ಲಿ ಮಾತ್ರ ಬಳಸುತ್ತಾರೆ. ಕೂಸಿನ ಗಾದೆಗೆ ಮದುವೆಯೇ ಬೇಕಿಲ್ಲ. ಎರಡು ಇಲಾಖೆಗಳ ತಿಕ್ಕಾಟದಲ್ಲಿ ರಸ್ತೆ ಹಾಳಾದರೂ, ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ತೋಟ ಒಣಗಿದರೂ ಅದೇ ಗಾದೆ. ಕಚೇರಿಯ ಸಹೋದ್ಯೋಗಿ ಇಬ್ಬರು ಮೇಲಧಿಕಾರಿಗಳ ವಿಚಾರ ಮಾತಾಡುತ್ತಾ “ಗಂಡ ಹೆಂಡಿರ ಜಗಳ…” ಎಂದರೆ ಕೂಸು ಯಾರು ಎಂದು ಯೋಚಿಸಿ. ಬಹುಶಃ ಅವರೇ.

ಮುಂದಿನ ಹೆಜ್ಜೆ, ಅದೇ ವ್ಯಕ್ತಿ ಹಿಂದೆ ಈ ಗಾದೆಯನ್ನು ಪೂರ್ತಿ ಬರೆದಿದ್ದಾರಾ ಎಂದು ನೋಡುವುದು. ವಾಟ್ಸಾಪ್‌ನಲ್ಲಿ ಆ ಸಂಭಾಷಣೆಯೊಳಗೇ ಹುಡುಕುವ ಸೌಲಭ್ಯವಿದೆ. ಅಲ್ಲಿ “ಜಗಳ” ಎಂದು ಹುಡುಕಿದರಷ್ಟೇ ಸಾಲದು. ಹುಡುಕಾಟ ಬರೆದ ಲಿಪಿಯನ್ನಷ್ಟೇ ನೋಡುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸ ಅವರಿಗಿದ್ದರೆ ಹೀಗೂ ಹುಡುಕಿ:

```
jagala
jagla
koosu
kusu
```

ಗಾದೆಯ ಮೊದಲ ಪದಕ್ಕಿಂತ ಅಂತ್ಯದ ಪದವನ್ನು ಹುಡುಕುವುದು ಜಾಣತನ. “ಗಂಡ” ಎಂದರೆ ನೂರು ಸಾಲು ಸಿಗುತ್ತವೆ, “ಕೂಸು” ಎಂದರೆ ಒಂದೋ ಎರಡೋ. ಧ್ವನಿ ಸಂದೇಶಗಳು ಈ ಹುಡುಕಾಟಕ್ಕೆ ಸಿಗುವುದಿಲ್ಲ, ಅವನ್ನು ಕೇಳಿಯೇ ನೋಡಬೇಕು. ಕೇಳಿದರೆ ಲಾಭವೂ ಇದೆ. ಬರೆಯುವಾಗ ನುಂಗಿದ “-ದಲ್ಲಿ” ಮಾತಿನಲ್ಲಿ “ಜಗಳ್ದಲ್ಲಿ” ಎಂದು ಕಿವಿಗೆ ಬಿದ್ದೇ ಬೀಳುತ್ತದೆ.

ಗಾದೆ ಪುಸ್ತಕಗಳನ್ನೂ ನೋಡಬಹುದು. ಸಾಮಾನ್ಯವಾಗಿ ಅವು ಅಕಾರಾದಿಯಾಗಿರುವುದರಿಂದ ಒಂದೇ ರೀತಿ ಶುರುವಾಗುವ ಗಾದೆಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಕವಲು ಎಷ್ಟಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲೂ ಪದಗಳ ಅರ್ಥದ ಜೊತೆಜೊತೆಗೆ ಗಾದೆಗಳನ್ನು ಕೊಟ್ಟಿದ್ದಾರೆ, ಹಳೆಯ ರೂಪ ಬೇಕಾದರೆ ಅಲ್ಲಿ ತೆರೆದು ನೋಡಬಹುದು. ಆದರೆ ಪುಸ್ತಕದ ರೂಪ ನಿಮ್ಮ ಚಿಕ್ಕಮ್ಮನ ಊರಿನ ರೂಪವಾಗಿರಬೇಕಿಲ್ಲ. “ಹೆತ್ತವರಿಗೆ ಹೆಗ್ಗಣ ಮುದ್ದು” ಎಂಬುದು ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಪೂರ್ತಿ. ಇನ್ನು ಕೆಲವೆಡೆ “ಕಟ್ಟಿಕೊಂಡವರಿಗೆ ಕೋಡಗ ಮುದ್ದು” ಎಂದು ಬಾಲ ಸೇರುತ್ತದೆ. ಬಾಲವೇ ಇಲ್ಲದ ಊರಿನವರು ಮಗನನ್ನು ಹೊಗಳಿ ಆ ಗಾದೆ ಬರೆದರೆ, ನೀವು ಬಾಲ ಹುಡುಕಿ ಸೊಸೆಯ ಮೇಲಿನ ಚುಚ್ಚುಮಾತು ಎಂದು ಓದಿಕೊಳ್ಳುವುದು ಅನ್ಯಾಯ. “ಈ ಗಾದೆಯ ನಿಜವಾದ ಪೂರ್ಣ ರೂಪ ಇದು” ಎಂದು ಓಡಾಡುವ ಚಿತ್ರಗಳನ್ನಂತೂ ಸಾಕ್ಷಿಯಾಗಿ ಹಿಡಿಯಬೇಡಿ. ಅಂತ್ಯವನ್ನು ಯಾರು, ಎಲ್ಲಿ ಕೇಳಿದರು ಎಂಬುದನ್ನು ಅವು ಹೇಳುವುದೇ ಇಲ್ಲ.

ಪುಸ್ತಕಕ್ಕಿಂತ ಕಳಿಸಿದವರ ಊರಿನ ಕಡೆಯ ಹಿರಿಯರೊಬ್ಬರು ಮೇಲು. ಅವರನ್ನು ಕೇಳುವ ರೀತಿ ಮುಖ್ಯ. “ಉಂಡು ಮಲಗೋ ತನಕ ಅಂತಾನೇ ಅಲ್ವಾ ಅಜ್ಜಿ?” ಎಂದರೆ “ಹೂಂ ಮಗಾ” ಎಂಬ ಉತ್ತರವೇ ಬರುತ್ತದೆ. ಅದರ ಬದಲು “ನಿಮ್ಮ ಕಡೆ ‘ಗಂಡ ಹೆಂಡಿರ ಜಗಳ’ ಅಂದ್ರೆ ಮುಂದೆ ಏನಂತಾರೆ ಅಜ್ಜಿ?” ಎಂದು ಕೇಳಿ ಸುಮ್ಮನಾಗಿ. ಅವರು ಮೊದಲು ಹೇಳಿದ್ದು ಯಾವುದು, ಆಮೇಲೆ “ಹೀಗೂ ಅಂತಾರೆ” ಎಂದು ಸೇರಿಸಿದ್ದು ಯಾವುದು, ಎರಡನ್ನೂ ಗಮನಿಸಿ. ಬಂದ ಸಂದೇಶವನ್ನು ಮಾತ್ರ ಅವರಿಗೆ ತೋರಿಸಬೇಡಿ, ಕುಟುಂಬದ ಗುಂಪಿಗಂತೂ ಹಾಕಲೇಬೇಡಿ. ಗಾದೆಯ ಅರ್ಥ ಕೇಳಲು ಹೋಗಿ ಅಣ್ಣನ ಮನೆಯ ಜಗಳ ಊರಿಗೆಲ್ಲ ತಿಳಿಯಬಾರದು.

ಇಷ್ಟಾದರೂ ಕಳಿಸಿದವರನ್ನು ಕೇಳುವುದು ತಪ್ಪುವುದಿಲ್ಲ. ಕೇಳುವಾಗ ಗಾದೆಯನ್ನು ಬಿಟ್ಟು ವಿಷಯವನ್ನು ಹಿಡಿಯಿರಿ. “ಮುಂದಿನ ಭಾಗ ಯಾವುದು ಚಿಕ್ಕಮ್ಮ?” ಎಂದರೆ ಪರೀಕ್ಷೆ ಮಾಡಿದ ಹಾಗಾಗುತ್ತದೆ, ಅರ್ಥವಾಗದ್ದಕ್ಕೆ ಅವರಿಗೂ ಬೇಸರ. “ಚಿಕ್ಕಮ್ಮ, ಅವರಷ್ಟಕ್ಕೆ ಬಿಡು ಅಂತೀರಾ, ಇಲ್ಲ ಪುಟ್ಟನ ವಿಚಾರಕ್ಕಾದ್ರೂ ನಾನು ಬರ್ಲಾ?” ಎಂದು ಎರಡೂ ಅಂತ್ಯಗಳನ್ನು ಕೆಲಸದ ಮಾತಾಗಿಸಿ ಇಟ್ಟರೆ ಉತ್ತರ ಸುಲಭ. ಆಗ ಬರುವ ಉತ್ತರ ಇಂಥದ್ದಾಗಿರಬಹುದು: “ಅವರಿಬ್ಬರಿಗೆ ಬುದ್ಧಿ ಹೇಳಕ್ಕೆ ಬರಬೇಡ ಕಣೇ. ಪುಟ್ಟನ್ನ ರಜ ಮುಗಿಯೋ ತನಕ ಕರ್ಕೊಂಡು ಹೋಗು.” ಯಾವ ಪುಸ್ತಕ ತೆರೆದರೂ ಇದು ಸಿಗುತ್ತಿರಲಿಲ್ಲ.

ಅಂತ್ಯದಲ್ಲಿ ಅನುಮಾನವೇ ಇಲ್ಲದೆ ಅರ್ಧಕ್ಕೆ ನಿಲ್ಲುವ ಗಾದೆಗಳದ್ದು ಬೇರೆ ಬಗೆ. “ಕೊಟ್ಟವ ಕೋಡಂಗಿ…” ಎಂದು ಗೆಳೆಯ ಬರೆದರೆ “ಇಸ್ಕೊಂಡವ ಈರಭದ್ರ” ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಬಿಟ್ಟಿದ್ದಾರೆ, ಏಕೆಂದರೆ ಕಟುವಾದದ್ದು ಆ ಭಾಗ. ಇಲ್ಲಿ ಪರಿಶೀಲಿಸಬೇಕಾದ್ದು ಅಂತ್ಯವನ್ನಲ್ಲ, ಈರಭದ್ರ ಯಾರು ಎಂಬುದನ್ನು. ಗೆಳೆಯ ತನ್ನ ಭಾಮೈದನಿಗೆ ಕೊಟ್ಟ ದುಡ್ಡಿನ ಗೋಳು ಹೇಳುತ್ತಿದ್ದನೇ, ಅಥವಾ ಆ ಸಾಲು ಬಂದದ್ದು ನೀವು “ಇನ್ನೊಂದು ತಿಂಗಳು ತಡ್ಕೊಳ್ಳೋ” ಎಂದ ಮೇಲೆಯೇ? ದಿನಾಂಕ ನೋಡಿ, ಅದರ ಮೇಲಿನ ಸಾಲು ನೋಡಿ. ನಿಮ್ಮನ್ನೇ ಕುರಿತದ್ದಾದರೆ ಬಿಟ್ಟ ಅರ್ಧವನ್ನು ನೀವು ಬರೆದು ತುಂಬಬೇಡಿ, “ನನ್ನನ್ನು ಈರಭದ್ರ ಅಂತೀಯಾ?” ಎಂದು ಜಗಳಕ್ಕೂ ಇಳಿಯಬೇಡಿ. ಅವನು ಬಿಟ್ಟದ್ದನ್ನು ಬಿಟ್ಟೇ ಇರಲು ಕೊಟ್ಟು, “ಐದು ಸಾವಿರ ಶನಿವಾರ ಹಾಕ್ತೀನಿ, ಉಳಿದದ್ದು ಮುಂದಿನ ಸಂಬಳಕ್ಕೆ” ಎಂದು ಬರೆಯಿರಿ, ಶನಿವಾರ ಹಾಕಿ.