ನಾಲ್ಕು ಅಡಿ ನೀರಿನ ಲೆಕ್ಕ

ಪೆಸಿಫಿಕ್ ಸಾಗರದ ತರಾವಾ ಹವಳ ದ್ವೀಪಸಮೂಹದಲ್ಲಿ ಬೇಟಿಯೊ ಎಂಬುದೊಂದು ಪುಟ್ಟ ದ್ವೀಪ. ಉದ್ದ ಸುಮಾರು ಮೂರೂವರೆ ಕಿಲೋಮೀಟರ್, ಅಗಲ ಎಲ್ಲಿಯೂ ಒಂದು ಕಿಲೋಮೀಟರ್ ಇಲ್ಲ. 1943ರ ನವೆಂಬರ್ 20ರ ಬೆಳಿಗ್ಗೆ ಜಪಾನೀಯರ ವಶದಲ್ಲಿದ್ದ ಈ ದ್ವೀಪದ ಮೇಲೆ ಅಮೆರಿಕದ ಎರಡನೇ ಮರೀನ್ ಡಿವಿಜನ್ ದಾಳಿಗಿಳಿಯಿತು. ಮೊದಲ ದಿನ ದಡದತ್ತ ಹೋದವರು ಸುಮಾರು 5,000 ಮಂದಿ. ಅವರಲ್ಲಿ ಸುಮಾರು 1,500 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಅದಕ್ಕೆ ಒಂದು ದೊಡ್ಡ ಕಾರಣ, ದೋಣಿ ತೇಲಲು ಬೇಕಾದಷ್ಟು ನೀರು ಅಲ್ಲಿ ಇಲ್ಲದೆ ಹೋದದ್ದು.

ಸಮುದ್ರದಿಂದ ನೆಲಕ್ಕೆ ಸೈನ್ಯ ಇಳಿಸುವ ಕಾರ್ಯಾಚರಣೆಯ ಯೋಜನೆ ಹಿಂದಿನಿಂದ ಮುಂದಕ್ಕೆ ಸಾಗುತ್ತದೆ. ಮೊದಲ ಸೈನಿಕ ದಡದಲ್ಲಿ ಕಾಲಿಡುವ ಹೊತ್ತನ್ನು ಮೊದಲೇ ಗೊತ್ತುಮಾಡುತ್ತಾರೆ. ಅದಕ್ಕೆ ಎಚ್-ಅವರ್ ಎನ್ನುತ್ತಾರೆ. ದೋಣಿಗಳು ಸಾಲುಗಟ್ಟಿ ಹೊರಡಬೇಕಾದ ಗಳಿಗೆ, ಯುದ್ಧನೌಕೆಗಳು ಫಿರಂಗಿ ದಾಳಿ ನಿಲ್ಲಿಸಬೇಕಾದ ಗಳಿಗೆ, ಸೈನಿಕರು ಹಡಗಿನಿಂದ ದೋಣಿಗೆ ಇಳಿಯಬೇಕಾದ ಗಳಿಗೆ, ಎಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾರೆ. ಬಂದರಿನಲ್ಲಿ ಹಡಗಿಗೆ ಸಾಮಾನು ಹೇರುವುದೂ ಇದೇ ಲೆಕ್ಕದಲ್ಲಿ. ದಡದಲ್ಲಿ ಮೊದಲು ಬೇಕಾಗುವುದನ್ನು ಕೊನೆಗೆ ಹೇರಬೇಕು. ಮದ್ದುಗುಂಡಿನ ಪೆಟ್ಟಿಗೆಗಳು ಅಡಿಯಲ್ಲಿ ಸಿಕ್ಕಿಕೊಂಡರೆ ಅವು ಹಡಗಿನಲ್ಲಿದ್ದೂ ಇಲ್ಲದಂತೆಯೇ.

ಬೇಟಿಯೊದ ಸುತ್ತ ನೂರಾರು ಮೀಟರ್ ಅಗಲದ ಹವಳದ ದಿಬ್ಬವಿದೆ. ಹಿಗ್ಗಿನ್ಸ್ ಎಂಬ ಮರದ ದೋಣಿಗಳು ಸೈನಿಕರನ್ನು ಹೊತ್ತು ಅದನ್ನು ದಾಟಲು ಸುಮಾರು ನಾಲ್ಕು ಅಡಿ ನೀರು ಬೇಕು. ಬೆಳಗಿನ ಭರತದಲ್ಲಿ ಐದು ಅಡಿ ಸಿಗಬಹುದೆಂದು ಯೋಜಕರು ಅಂದಾಜು ಮಾಡಿದ್ದರು. ಆ ದ್ವೀಪಗಳಲ್ಲಿ ವರ್ಷಗಟ್ಟಲೆ ಬದುಕಿದ್ದ ಮೇಜರ್ ಫ್ರಾಂಕ್ ಹಾಲೆಂಡ್, ಆ ದಿನಗಳಲ್ಲಿ ಮೂರು ಅಡಿಯೂ ಇರುವುದಿಲ್ಲ ಎಂದು ಎಚ್ಚರಿಸಿದ್ದರು. ಅದು ಕೃಷ್ಣಪಕ್ಷದ ಅಷ್ಟಮಿಯ ಸುಮಾರು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ ಜೋರು, ಅಷ್ಟಮಿಯ ಸುತ್ತ ಮಂದ ಎಂಬುದು ನಮ್ಮ ಕರಾವಳಿಯ ಮೀನುಗಾರರಿಗೂ ಗೊತ್ತು. ಅಂದು ಚಂದ್ರ ಭೂಮಿಯಿಂದ ದೂರದಲ್ಲಿಯೂ ಇದ್ದದ್ದರಿಂದ ನೀರು ಇನ್ನೂ ಕಡಿಮೆ ಏರಿತೆಂದು ದಶಕಗಳ ನಂತರ ಭೌತವಿಜ್ಞಾನಿ ಡೊನಾಲ್ಡ್ ಓಲ್ಸನ್ ಲೆಕ್ಕ ಹಾಕಿ ತೋರಿಸಿದರು.

ಹಾಗಾದರೆ ದಿನಾಂಕವನ್ನೇಕೆ ಮುಂದೂಡಲಿಲ್ಲ? ಮಾರ್ಷಲ್ ದ್ವೀಪಗಳ ಮುಂದಿನ ದಾಳಿ ಇದರ ಫಲಿತಾಂಶಕ್ಕೆ ಅಂಟಿಕೊಂಡಿತ್ತು. ನೂರಾರು ಹಡಗುಗಳನ್ನು ಶತ್ರುವಿನ ಕಣ್ಣೆದುರು ಕಾಯಿಸುವುದೂ ಸಾಧ್ಯವಿರಲಿಲ್ಲ. ನೀರು ಕೈಕೊಡಬಹುದೆಂಬ ಅನುಮಾನದಲ್ಲೇ, ಯೋಜನೆ ರೂಪಿಸಿದ ಡೇವಿಡ್ ಶೂಪ್ ಮೊದಲ ಮೂರು ಸಾಲುಗಳನ್ನು ಆಮ್ಟ್ರ್ಯಾಕ್‌ಗಳಲ್ಲಿ ಕಳಿಸಲು ನಿರ್ಧರಿಸಿದರು. ಇವು ನೀರಿನಲ್ಲಿ ತೇಲಿ, ದಿಬ್ಬದ ಮೇಲೆ ಟ್ಯಾಂಕಿನಂತೆ ಪಟ್ಟಿಯ ಮೇಲೆ ತೆವಳಬಲ್ಲ ಗಾಡಿಗಳು. ಆದರೆ ಇದ್ದವು ಸುಮಾರು 125 ಮಾತ್ರ.

ಬೆಳಗಾಗುತ್ತಲೇ ವೇಳಾಪಟ್ಟಿ ಜಾರತೊಡಗಿತು. ಎಚ್-ಅವರ್ 8:30 ಎಂದಿತ್ತು. ಮೊದಲ ಆಮ್ಟ್ರ್ಯಾಕ್ ದಡ ಮುಟ್ಟಿದ್ದು 9:10ಕ್ಕೆ. ತಮ್ಮವರಿಗೇ ಗುಂಡು ತಗಲಬಾರದೆಂದು ಹಡಗುಗಳು ಅದಕ್ಕಿಂತ ಸುಮಾರು ಕಾಲು ಗಂಟೆ ಮೊದಲೇ ದಾಳಿ ನಿಲ್ಲಿಸಿದ್ದವು. ತೆಂಗಿನ ದಿಮ್ಮಿ, ಕಾಂಕ್ರೀಟು, ಮರಳಿನ ಅಡಿಯ ಬಂಕರುಗಳಲ್ಲಿ ಉಳಿದಿದ್ದ ಜಪಾನೀ ಸೈನಿಕರಿಗೆ ತಮ್ಮ ಮೆಷಿನ್ ಗನ್‌ಗಳಿಗೆ ಮರಳಲು ಅಷ್ಟು ಸಮಯ ಸಾಕಾಯಿತು.

ನಾಲ್ಕನೇ ಸಾಲಿನಿಂದ ಮುಂದೆ ಬಂದ ಹಿಗ್ಗಿನ್ಸ್ ದೋಣಿಗಳು ದಿಬ್ಬಕ್ಕೆ ತಾಗಿ ನಿಂತವು. ಸೈನಿಕರು ಅಲ್ಲೇ ನೀರಿಗಿಳಿದು, ಬಂದೂಕನ್ನು ತಲೆಯ ಮೇಲೆ ಹಿಡಿದು, ಮರೆಯೇ ಇಲ್ಲದ ನೀರಿನಲ್ಲಿ ನಡೆದರು. ದಡದಲ್ಲಿದ್ದ ಒಂದೇ ಆಸರೆ, ತೆಂಗಿನ ದಿಮ್ಮಿಗಳ ಸುಮಾರು ನಾಲ್ಕು ಅಡಿಯ ತಡೆಗೋಡೆ. ಟ್ಯಾಂಕುಗಳ ಮುಂದೆ ನೀರಿನಡಿಯ ಗುಂಡಿಗಳನ್ನು ತೋರಿಸುತ್ತಾ ಸೈನಿಕರು ನಡೆದುಹೋದರು. ಹಾಗಿದ್ದೂ ಕೆಲವು ಟ್ಯಾಂಕುಗಳು ಮುಳುಗಿದವು. ತನ್ನದೇ ಫಿರಂಗಿಗಳ ಅದುರುವಿಕೆಗೆ ಮೇರಿಲ್ಯಾಂಡ್ ಎಂಬ ನಾಯಕ ಹಡಗಿನ ರೇಡಿಯೊಗಳು ಕೆಟ್ಟವು. ದಡದ ಸ್ಥಿತಿ ಸೇನಾಪತಿಗೆ ಸರಿಯಾಗಿ ತಿಳಿಯಲಿಲ್ಲ.

ಇಂಥ ದಾಳಿ ಕಷ್ಟವಾಗುವುದು ಇದೇ ಕಾರಣಕ್ಕೆ. ನೆಲದ ಯುದ್ಧದಲ್ಲಿ ಸೋತ ಪಡೆ ಹಿಂದೆ ಸರಿದು ಮತ್ತೆ ಜೋಡಣೆಯಾಗಬಹುದು. ಇಲ್ಲಿ ಬೆನ್ನ ಹಿಂದೆ ಬರೀ ನೀರು. ಕಾಯುತ್ತಿರುವವನ ಬಲ ಮೊದಲ ಕ್ಷಣದಲ್ಲೇ ಪೂರ್ತಿಯಾಗಿರುತ್ತದೆ. ಬರುವವನ ಬಲ ಸೊನ್ನೆಯಿಂದ ಆರಂಭವಾಗಿ ದೋಣಿ ದೋಣಿಯಾಗಿ ಏರಬೇಕು. ಹಡಗಿನಲ್ಲಿ ಸಾವಿರಾರು ಜನರಿದ್ದರೂ ದಡದಲ್ಲಿ ಹೋರಾಡಲು ಸಿಗುವುದು ಬಂದು ತಲುಪಿದವರು ಮಾತ್ರ.

ಬೇಟಿಯೊವನ್ನು ಗೆಲ್ಲಲು 76 ಗಂಟೆ ಬೇಕಾಯಿತು. ಸುಮಾರು 1,000 ಅಮೆರಿಕನ್ನರು ಸತ್ತರು. ದ್ವೀಪ ಕಾಯುತ್ತಿದ್ದ ಸುಮಾರು 4,700 ಮಂದಿಯಲ್ಲಿ ಬದುಕುಳಿದವರು ನೂರೈವತ್ತರಷ್ಟೂ ಇಲ್ಲ. ಅವರಲ್ಲೂ ಹೆಚ್ಚಿನವರು ಜಪಾನ್ ಕರೆತಂದಿದ್ದ ಕೊರಿಯಾದ ಕೂಲಿಗಳು. ಆ ಬಳಿಕ ಅಮೆರಿಕದ ನೌಕಾಪಡೆ ಈಜುಗಾರರ ತಂಡಗಳನ್ನು ಕಟ್ಟಿತು. ದಾಳಿಗೆ ಮೊದಲು ದಡದ ಬಳಿಗೆ ಹೋಗಿ, ದಿಬ್ಬ ನೋಡಿ, ನೀರಿನ ಆಳ ಅಳೆದು, ತಡೆಗಳನ್ನು ಸಿಡಿಸುವುದು ಅವರ ಕೆಲಸವಾಯಿತು. ಮುಂದಿನ ದಾಳಿಗಳಿಗೆ ಆಮ್ಟ್ರ್ಯಾಕ್‌ಗಳೂ ಹೆಚ್ಚು ಬಂದವು. ಅಂದಾಜಿನ ನೀರನ್ನು ನಂಬಿ ದೋಣಿ ಬಿಡಬಾರದು ಎಂಬ ಪಾಠವನ್ನು ಆ ಸೈನ್ಯ ಕಲಿತದ್ದು ಸಾವಿರ ಜೀವಗಳನ್ನು ತೆತ್ತು.